ಪಾರ್ಥೆನಾನ್‌ಗೆ ಹೋಗ್ತೀರಾ? ಎದುರು ನಿಲ್ಲಬೇಡಿ, ಮೂಲೆಗೆ ಹೋಗಿ

ಪಾರ್ಥೆನಾನ್ ಗುಡಿಯಲ್ಲಿ ಒಂದೂ ನೇರ ಗೆರೆ ಇಲ್ಲ ಅಂತ ಓದಿಕೊಂಡು ಮೊದಲ ಸಲ ಅಥೆನ್ಸ್‌ಗೆ ಹೋಗಿದ್ದೆ. ಜುಲೈ ತಿಂಗಳ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು, ಸುತ್ತ ಜನವೋ ಜನ. ಎದುರು ನಿಂತು ಎಷ್ಟು ದಿಟ್ಟಿಸಿದರೂ ಎಲ್ಲವೂ ಅಳತೆಪಟ್ಟಿ ಇಟ್ಟು ಎಳೆದ ಹಾಗೇ ಕಂಡಿತು. ನಾಲ್ಕು ಫೋಟೊ ತೆಗೆದುಕೊಂಡು ಸುಮ್ನೆ ಇಳಿದು ಬಂದೆ. ಎರಡನೇ ಸಲ ಅಕ್ಟೋಬರ್‌ನಲ್ಲಿ ತಮ್ಮನ ಜೊತೆ ಹೋದಾಗ ಗೊತ್ತಾಯಿತು, ನಾನು ನಿಂತಿದ್ದ ಜಾಗವೇ ತಪ್ಪು ಅಂತ.

ಟಿಕೆಟ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. 2023ರಿಂದ ಗಂಟೆ ಲೆಕ್ಕದ ಸ್ಲಾಟ್ ಬಂದಿದೆ, 2025ರಲ್ಲಿ ದರ 30 ಯೂರೋ ಆಯಿತು. ಸರ್ಕಾರದ್ದೇ ಸೈಟ್ hhticket.gr, ಅಲ್ಲೇ ತೆಗೆದುಕೊಳ್ಳಿ. ಬೆಳಿಗ್ಗೆ 8ರ ಸ್ಲಾಟ್ ಸಿಕ್ಕರೆ ಬಿಡಬೇಡಿ. ಬೇಸಿಗೆಯಲ್ಲಿ ಬಿಸಿಲು ವಿಪರೀತವಾದರೆ ಮಧ್ಯಾಹ್ನ ಕೆಲವು ಗಂಟೆ ಗೇಟೇ ಮುಚ್ಚುತ್ತಾರೆ. ರಬ್ಬರ್ ಅಡಿಯ ಶೂ ಹಾಕಿಕೊಳ್ಳಿ, ಜನ ನಡೆದು ನಡೆದು ಅಲ್ಲಿನ ಕಲ್ಲು ಗಾಜಿನ ಹಾಗೆ ನುಣುಪಾಗಿದೆ.

ಈಗ ಅಸಲು ವಿಷಯ. ಗುಡಿ ಕಟ್ಟಲು ಶುರು ಮಾಡಿದ್ದು ಕ್ರಿ.ಪೂ. 447ರಲ್ಲಿ, ವಾಸ್ತುಶಿಲ್ಪಿಗಳು ಇಕ್ಟಿನೋಸ್ ಮತ್ತು ಕಲ್ಲಿಕ್ರಾಟಿಸ್. ಮೂರು ದೊಡ್ಡ ಮೆಟ್ಟಿಲಿನ ಜಗಲಿ, ಅದರ ಮೇಲೆ ಕಂಬಗಳು. ಈ ಜಗಲಿಯ ನೆಲ ಸಪಾಟಾಗಿಲ್ಲ, ನಡುವೆ ಉಬ್ಬಿದೆ. ಉದ್ದದ ಬದಿ ಸುಮಾರು 69.5 ಮೀಟರ್, ಅದರ ನಡುಭಾಗ ಮೂಲೆಗಳಿಗಿಂತ ಸುಮಾರು 11 ಸೆಂಟಿಮೀಟರ್ ಎತ್ತರ. ಅಗಲದ ಬದಿ ಸುಮಾರು 31 ಮೀಟರ್, ಅಲ್ಲಿ ಉಬ್ಬು 6 ಸೆಂಟಿಮೀಟರ್ ಅಷ್ಟೇ. ಎದುರು ನಿಂತರೆ ಯಾಕೆ ಕಾಣುವುದಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ ನೋಡಿ, 70 ಮೀಟರ್ ಉದ್ದದಲ್ಲಿ 11 ಸೆಂಟಿಮೀಟರ್ ಅಂದರೆ ಆರುನೂರರಲ್ಲಿ ಒಂದು ಪಾಲು, ಯಾರ ಕಣ್ಣಿಗೆ ತಾನೇ ನಿಲುಕುತ್ತದೆ!

ಆದರೆ ಮೂಲೆಗೆ ಹೋಗಿ ಮೆಟ್ಟಿಲಿನ ಅಂಚಿನ ಉದ್ದಕ್ಕೂ ಕಣ್ಣು ಹಾಯಿಸಿದರೆ ಆಟವೇ ಬೇರೆ. ಬಡಗಿ ರೀಪು ನೆಟ್ಟಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ. ಉದ್ದವೆಲ್ಲ ಕುಗ್ಗಿ ಹತ್ತಿರ ಬರುತ್ತದೆ, ಎತ್ತರ ಮಾತ್ರ ಹಾಗೇ ಉಳಿಯುತ್ತದೆ, ಉಬ್ಬು ಎದ್ದು ಕಾಣುತ್ತದೆ. ಹೆಬ್ಬಾಗಿಲು ದಾಟಿ ಒಳಗೆ ಬಂದರೆ ನಿಮಗೆ ಮೊದಲು ಎದುರಾಗುವುದೇ ವಾಯವ್ಯ ಮೂಲೆ, ಅಲ್ಲಿಂದ ಉತ್ತರದ ಬದಿ ಹಿಡಿದು ನಡೆದರೆ ಈಶಾನ್ಯ ಮೂಲೆ. ಈಶಾನ್ಯ ಮೂಲೆಯಲ್ಲಿ ಎರಡು ಬದಿಯನ್ನೂ ನೋಡಬಹುದು. ಹಗ್ಗ ಕಟ್ಟಿರುತ್ತಾರೆ, ಅದನ್ನು ದಾಟುವ ಹಾಗಿಲ್ಲ, ಕಲ್ಲು ಮುಟ್ಟಿದರೆ ಕಾವಲಿನವರು ತಕ್ಷಣ ಸೀಟಿ ಊದುತ್ತಾರೆ. ತೊಂದರೆ ಇಲ್ಲ, ಮೂರು ಮೆಟ್ಟಿಲು ಸೇರಿ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಸಾಧಾರಣ ಎತ್ತರದವರ ಕಣ್ಣು ಹೆಚ್ಚುಕಮ್ಮಿ ಮೇಲಿನ ಮೆಟ್ಟಿಲಿನ ಮಟ್ಟಕ್ಕೇ ಬರುತ್ತದೆ. ಕೆಳಗಿನ ಬಂಡೆ ಏರುಪೇರು ಇದೆ, ಒಂದೆರಡು ಹೆಜ್ಜೆ ಆಚೀಚೆ ಸರಿದು ಅಥವಾ ಮೊಣಕಾಲು ಬಗ್ಗಿಸಿ ಸರಿಮಾಡಿಕೊಳ್ಳಿ. ಅಂಚು ನಡುವಿನವರೆಗೆ ಏರಿ ಆಮೇಲೆ ಆಚೆಗೆ ಇಳಿದುಹೋಗುವುದು ಕಾಣುತ್ತದೆ. ಕಣ್ಣನ್ನು ನೆಲಕ್ಕೇ ತಾಗಿಸಿ ನೋಡಲು ಬಿಟ್ಟಿದ್ದರೆ, ನನ್ನ ಲೆಕ್ಕದಲ್ಲಿ ಆ ತುದಿಯಲ್ಲಿಟ್ಟ 40 ಸೆಂಟಿಮೀಟರ್ ಎತ್ತರದ ಬ್ಯಾಗ್ ಕೂಡ ಪೂರ್ತಿ ಮರೆಯಾಗುತ್ತಿತ್ತು.

ಫೋಟೊದಲ್ಲಿ ಮೋಸ ಹೋಗಬೇಡಿ. ತಮ್ಮ ಫೋನಿನ 0.5x ಲೆನ್ಸ್‌ನಲ್ಲಿ ತೆಗೆದು, ನೋಡು ಎಷ್ಟು ಚೆನ್ನಾಗಿ ಬಾಗಿದೆ ಅಂತ ತೋರಿಸಿದ. ಅದು ಗುಡಿಯ ಬಾಗು ಅಲ್ಲ, ಲೆನ್ಸಿನ ಬಾಗು. ಅಗಲ ಲೆನ್ಸು ಚಿತ್ರದ ಮೇಲರ್ಧದಲ್ಲಿರುವ ಗೆರೆಯನ್ನು ಮೇಲಕ್ಕೆ ಉಬ್ಬಿಸುತ್ತದೆ, ಕೆಳಗಿನ ಅರ್ಧದ್ದನ್ನು ಕೆಳಕ್ಕೆ ಜಗ್ಗುತ್ತದೆ. ಅದಕ್ಕೇ 2x ಅಥವಾ 3x ಇಟ್ಟು, ಮೆಟ್ಟಿಲಿನ ಅಂಚು ಚಿತ್ರದ ನಡುಮಧ್ಯಕ್ಕೆ ಅಥವಾ ಸ್ವಲ್ಪ ಕೆಳಗೆ ಬರುವ ಹಾಗೆ ತೆಗೆಯಿರಿ. ಆಗಲೂ ಮೇಲಕ್ಕೆ ಉಬ್ಬಿದ್ದರೆ ಅದು ನಿಜವಾದ ಉಬ್ಬು. ನಾವು ಹಾಗೆ ಮತ್ತೆ ತೆಗೆದೆವು, ಉಬ್ಬು ಕಮ್ಮಿಯಾಯಿತು, ಆದರೆ ಇತ್ತು.

ಮುಂದಿನದು ಮೂಲೆಕಂಬ. ಕಂಬಗಳೆಲ್ಲ ಒಳಕ್ಕೆ ವಾಲಿವೆ, 10.4 ಮೀಟರ್ ಎತ್ತರಕ್ಕೆ ಸುಮಾರು 7 ಸೆಂಟಿಮೀಟರ್. ಎದುರುಬದುರು ಕಂಬಗಳನ್ನು ಹಾಗೇ ಮೇಲಕ್ಕೆ ಬೆಳೆಸುತ್ತಾ ಹೋದರೆ ಎರಡು ಕಿಲೋಮೀಟರ್‌ಗೂ ಮೇಲೆ ಎಲ್ಲೋ ಸೇರುತ್ತವೆ. ಇದನ್ನು ನೋಡುವುದು ಸ್ವಲ್ಪ ಕಷ್ಟ, ಯಾಕೆಂದರೆ ಕಂಬ ಮೇಲೆ ಹೋದಂತೆ ಸಣ್ಣದೂ ಆಗುತ್ತದೆ. ಬುಡದಲ್ಲಿ 1.9 ಮೀಟರ್ ದಪ್ಪ, ತುದಿಯಲ್ಲಿ ಸುಮಾರು 1.5. ಅಂದರೆ ನೆಟ್ಟಗೆ ನಿಂತಿದ್ದರೂ ಎರಡು ಅಂಚುಗಳು ತಲಾ 20 ಸೆಂಟಿಮೀಟರ್ ಒಳಬರುತ್ತಿದ್ದವು. ವಾಲಿರುವುದರಿಂದ ಹೊರಗಿನ ಅಂಚು 27, ಒಳಗಿನದು 13 ಆಗುತ್ತದೆ, ಹೆಚ್ಚುಕಮ್ಮಿ ಎರಡರಷ್ಟು. ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಗಾರೆಯವರ ತೂಗುಗುಂಡಿನ ಹಾಗೆ ಕಣ್ಣೆದುರು ಹಿಡಿದು ಎರಡೂ ಅಂಚು ಹೋಲಿಸಿ. ನಾವು ಇಯರ್‌ಫೋನಿನ ವೈರ್ ಬಳಸಿದೆವು, ಗಾಳಿಗೆ ತೂಗಾಡಿ ಪ್ರಾಣ ತಿಂದಿತು, ಗಟ್ಟಿ ದಾರವೇ ಒಯ್ಯಿರಿ. ಎಂಟಾಸಿಸ್ ಅನ್ನುವ ಕಂಬದ ನಡುವಿನ ಉಬ್ಬು ಮಾತ್ರ ಎರಡು ಸೆಂಟಿಮೀಟರ್ ಕೂಡ ಇಲ್ಲ. ನನಗೆ ಕಾಣಲಿಲ್ಲ, ಕಂಡಿತು ಅಂತ ಸುಳ್ಳು ಹೇಳಲಾರೆ.

ನೆಲ ಉಬ್ಬು, ಕಂಬ ಓರೆ, ಹಾಗಿದ್ದರೆ ಕಲ್ಲು ಕೂರಿಸಿದ್ದು ಹೇಗೆ? ಕಂಬ ಅಂದರೆ ಡ್ರಮ್ಮಿನಂಥ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದು. ಓರೆಯನ್ನೆಲ್ಲ ಕೆಳಗಿನ ಕಲ್ಲಿನಲ್ಲೇ ಕೊಟ್ಟಿದ್ದಾರೆ, ಅದರ ಒಂದು ಮಗ್ಗುಲು ಇನ್ನೊಂದಕ್ಕಿಂತ ಎತ್ತರ. ಹೀಗಾಗಿ ಒಂದು ಜಾಗದ ಕಲ್ಲು ಇನ್ನೊಂದು ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ. 1687ರ ಯುದ್ಧದಲ್ಲಿ ಗುಡಿಯೊಳಗೆ ಇಟ್ಟಿದ್ದ ಮದ್ದು ಸ್ಫೋಟಗೊಂಡು ಬಿದ್ದ ಉತ್ತರದ ಕಂಬಗಳನ್ನು 1920ರ ದಶಕದಲ್ಲಿ ನಿಲ್ಲಿಸಿದಾಗ ಎಷ್ಟೋ ಕಲ್ಲು ಅದಲುಬದಲಾಗಿದ್ದವು, ಆಮೇಲಿನವರು ಬಿಚ್ಚಿ ಮತ್ತೆ ಜೋಡಿಸಬೇಕಾಯಿತು. ನೀವು ಹೋದಾಗ ಯಾವುದಾದರೂ ಬದಿಗೆ ಸಾರುವೆ ಕಟ್ಟಿದ್ದರೆ ಬೈದುಕೊಳ್ಳಬೇಡಿ, ಬಿಳಿಯಾಗಿ ಕಾಣುವ ಹೊಸ ಕಲ್ಲಿನ ತೇಪೆಗಳನ್ನು ಹತ್ತಿರದಿಂದ ನೋಡಿ.

ಇಷ್ಟೆಲ್ಲ ಯಾಕೆ ಮಾಡಿದರು? ಗೈಡುಗಳು ಕಣ್ಣಿನ ತಪ್ಪು ತಿದ್ದಲು ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಮಾತು ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್‌ನದು, ನೆಲವನ್ನು ಸಪಾಟಾಗಿ ಕಟ್ಟಿದರೆ ನಡುವೆ ತಗ್ಗಿದ ಹಾಗೆ ಕಾಣುತ್ತದೆ ಅಂತ ಬರೆದಿದ್ದಾನೆ. ಆದರೆ ಅವನು ಇದ್ದದ್ದು ಗುಡಿ ಕಟ್ಟಿ ನಾಲ್ಕು ನೂರು ವರ್ಷ ಆದ ಮೇಲೆ. ಇಕ್ಟಿನೋಸ್ ಬರೆದ ಪುಸ್ತಕ ಉಳಿದಿಲ್ಲ. ತಮ್ಮ ಮಾತ್ರ, ಇದು ಮಳೆನೀರು ಹೋಗಲು ಕೊಟ್ಟ ವಾಟ ಅಷ್ಟೇ, ನಮ್ಮ ತಾರಸಿಗೆ ಕೊಡುವ ಹಾಗೆ ಅಂತ ವಾದ ಮಾಡಿದ. ನೀರಿಗೆ ಅನುಕೂಲವೂ ಆಗಿರಬಹುದು, ಆದರೆ ಅದೇ ಬಾಗು ಕಂಬಗಳ ಮೇಲಿನ ತೊಲೆಗಲ್ಲಿನಲ್ಲೂ ಇದೆ. ತಲೆ ಮೇಲಿನ ತೊಲೆಗೆ ಯಾರು ವಾಟ ಕೊಡುತ್ತಾರೆ?

ಸಂಜೆ ಹೊತ್ತು ಉಳಿದರೆ ಕೆಳಗೆ ಅಗೋರಾ ಅನ್ನುವ ಹಳೇ ಪೇಟೆಯ ಜಾಗದಲ್ಲಿರುವ ಹೆಫೈಸ್ಟಸ್ ಗುಡಿಗೆ ಹೋಗಿ, ಬೇರೆ ಟಿಕೆಟ್ ಬೇಕು. ಚಿಕ್ಕದು, ಜನ ಕಮ್ಮಿ, ಅಲ್ಲೂ ನೆಲ ಬಾಗಿದೆ, ಆದರೆ ತುಂಬಾ ಕಮ್ಮಿ. ದಾರ ಜೇಬಿನಲ್ಲೇ ಇರಲಿ.