ಎರಡೂ ಕಂಪನಿ ಒಂದೇ ಥರ ಇದ್ದರೆ, ಮೊದಲೇ q1 = q2 ಅಂತ ಹಾಕಿಬಿಡಬಾರದೇಕೆ?

"ಸರ್, ಎರಡು ಕಂಪನಿ ತಮ್ಮ ತಮ್ಮ ಉತ್ಪಾದನೆ q1, q2 ಎಷ್ಟಿರಬೇಕು ಅಂತ ತೀರ್ಮಾನಿಸೋ ಕೂರ್ನೋ ಲೆಕ್ಕದಲ್ಲಿ ಕೊನೆಗೆ ಹೇಗೂ q1 = q2 ಬರುತ್ತೆ. ಅದನ್ನ ಮೊದಲೇ ಹಾಕಿ ಡಿಫರೆನ್ಷಿಯೇಟ್ ಮಾಡಿದ್ರೆ ಉತ್ತರ ಯಾಕೆ ತಪ್ಪಾಗುತ್ತೆ?"

ಹಾಗೆ ಮಾಡಿದರೆ ಇಬ್ಬರು ಪೈಪೋಟಿಗಾರರನ್ನು ನಮಗೇ ಗೊತ್ತಿಲ್ಲದಂತೆ ಪಾಲುದಾರರನ್ನಾಗಿ ಮಾಡಿರುತ್ತೇವೆ.

1838ರಲ್ಲಿ ಫ್ರೆಂಚ್ ಅರ್ಥಶಾಸ್ತ್ರಜ್ಞ ಕೂರ್ನೋ ಕೊಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳೋಣ: ಖನಿಜ ನೀರಿನ ಎರಡು ಬುಗ್ಗೆ, ಇಬ್ಬರು ಮಾಲೀಕರು, ಉತ್ಪಾದನೆಗೆ ಖರ್ಚಿಲ್ಲ. ಅಂಕಿಗಳು ಮಾತ್ರ ನನ್ನವು. ಬೆಲೆ P ಆದರೆ, ಬೇಡಿಕೆ P = 120 − q1 − q2 ಇರಲಿ.

ಮೊದಲನೆಯವನ ಲಾಭ q1(120 − q1 − q2). ಎದುರಾಳಿ ಎಷ್ಟು ನೀರು ಮಾರುಕಟ್ಟೆಗೆ ತರುತ್ತಾನೆ ಎಂಬುದು ಅವನ ಕೈಯಲ್ಲಿಲ್ಲ. ಆದ್ದರಿಂದ q2 ಅನ್ನು ಅಲುಗದ ಅಂಕಿಯೆಂದೇ ಇಟ್ಟುಕೊಂಡು q1 ಮೇಲೆ ಡಿಫರೆನ್ಷಿಯೇಟ್ ಮಾಡಬೇಕು. 120 − 2q1 − q2 = 0. ಇದರಿಂದ ಬರುವ q1 = 60 − q2/2 ಅವನ ಪ್ರತಿಕ್ರಿಯಾ ಫಲನ. ಎದುರಾಳಿ ಎರಡು ಬಾಟಲಿ ಹೆಚ್ಚಿಸಿದರೆ ಇವನು ಒಂದು ಬಾಟಲಿ ಇಳಿಸುತ್ತಾನೆ ಎಂದು ಅದು ಹೇಳುತ್ತದೆ. ಎರಡನೆಯವನದೂ ಇಂಥದ್ದೇ. q1 = q2 ಎಂದು ಬಳಸಬಹುದಾದ ಜಾಗ ಇದು, ಡಿಫರೆನ್ಷಿಯೇಟ್ ಮುಗಿದ ಮೇಲೆ. ತಲಾ 40 ಬಾಟಲಿ, ಬೆಲೆ 40, ಲಾಭ ತಲಾ 1600.

ಈಗ ಅಡ್ಡದಾರಿ. ಮೊದಲೇ ಸಮ ಎಂದು ಹಾಕಿದರೆ ಲಾಭ q(120 − 2q), ಉತ್ತರ q = 30, ಬೆಲೆ 60, ಲಾಭ ತಲಾ 1800. ಇದು ಇಬ್ಬರೂ ಕೂಡಿ ಮಾತಾಡಿಕೊಂಡ ಕಾರ್ಟೆಲ್‌ನ ಉತ್ತರ. ಯಾಕೆಂದರೆ ಆ 2qನಲ್ಲಿ 'ನಾನು ಒಂದು ಬಾಟಲಿ ಹೆಚ್ಚಿಸಿದರೆ ಅವನೂ ಒಂದು ಹೆಚ್ಚಿಸುತ್ತಾನೆ' ಎಂಬ ಊಹೆ ಅಡಗಿದೆ.

ಲಾಭ ಹೆಚ್ಚಿದೆಯಲ್ಲ, ಅಲ್ಲೇ ನಿಲ್ಲಬಾರದೇ? ನಿಲ್ಲುವುದಿಲ್ಲ. ಎದುರಾಳಿ 30ರಲ್ಲಿದ್ದಾಗ ನನ್ನ ಪ್ರತಿಕ್ರಿಯಾ ಫಲನ ಹೇಳುವುದು 60 − 15 = 45. ಬೆಲೆ 45ಕ್ಕೆ ಇಳಿದರೂ ನನಗೆ 2025 ಸಿಗುತ್ತದೆ, ಅವನು 1350ಕ್ಕೆ ಬೀಳುತ್ತಾನೆ. ಅವನು ಸುಮ್ಮನಿರುತ್ತಾನೆಯೇ? 45ಕ್ಕೆ ಅವನ ಉತ್ತರ 37.5, ಅದಕ್ಕೆ ನನ್ನದು 41.25. ಪ್ರತಿ ಸುತ್ತಿಗೂ 40ರಿಂದ ಇರುವ ದೂರ ಅರ್ಧವಾಗುತ್ತದೆ: 10, 5, 2.5, 1.25. 40 ತಲುಪಿದ ಮೇಲೆ ಮಾತ್ರ ಇಬ್ಬರಿಗೂ ಕದಲಲು ಕಾರಣವಿರುವುದಿಲ್ಲ. (ಈ ಸುತ್ತುಗಳು ಅರ್ಥವಾಗಲೆಂದು ಹೇಳಿದ್ದು. ಮಾದರಿಯಲ್ಲಿ ಇಬ್ಬರೂ ಏಕಕಾಲಕ್ಕೆ, ಒಂದೇ ಸಲ ತೀರ್ಮಾನಿಸುತ್ತಾರೆ.)

ಖರ್ಚು ಬೇರೆ ಬೇರೆಯಾದರೆ ಸಮ ಎಂದು ಹಾಕುವ ದಾರಿಯೇ ಮುಚ್ಚಿಹೋಗುತ್ತದೆ. ಎರಡನೆಯವನಿಗೆ ಬಾಟಲಿಗೆ 12 ಖರ್ಚು ಬೀಳುತ್ತದೆ ಎನ್ನಿ. ಅವನ ಫಲನ q2 = 54 − q1/2 ಆಗುತ್ತದೆ. ಇದನ್ನು ಮೊದಲನೆಯವನ ಫಲನದಲ್ಲಿ ಆದೇಶಿಸಿದರೆ q1 = 33 + q1/4, ಅಂದರೆ q1 = 44, q2 = 32, ಬೆಲೆ 44. ಉತ್ತರ ಬರೆದ ಮೇಲೆ ಎರಡೂ ಫಲನಕ್ಕೆ ಹಾಕಿ ನೋಡಿ: 60 − 16 = 44, 54 − 22 = 32. ಅಡ್ಡದಾರಿಯ 30 ಅನ್ನು ಹೀಗೇ ಪರೀಕ್ಷಿಸಿದ್ದರೆ 45 ಬಂದು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.