ಬಿಸಿ ಗ್ಲಾಸಿನ ತಪ್ಪು: ನೀಟ್ ಕುಡಿಯುವಾಗ ಮೂಗು ಉಳಿಸಿಕೊಳ್ಳುವ ಬಗೆ

ಟೇಸ್ಟಿಂಗ್ ರೂಮಿನಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಆ ಸಂಜೆ ಎಂಟು ಜನರಿಗೆ ನೀರು ಬೆರೆಸದ, ಪೀಪಾಯಿಯಿಂದ ನೇರವಾಗಿ ಬಾಟಲಿಗೆ ಇಳಿಸಿದ ವಿಸ್ಕಿಯನ್ನು ನೀಟ್ ಆಗಿ, ಅಂದರೆ ನೀರು, ಐಸ್ ಏನೂ ಸೇರಿಸದೆ, ಕೊಡಬೇಕಿತ್ತು. ಶೇಕಡಾ 58 ಆಲ್ಕೋಹಾಲ್. ಬಾಟಲಿಯನ್ನು ತಣ್ಣಗಿನ ಉಗ್ರಾಣದಿಂದ ಆಗಷ್ಟೇ ತಂದಿದ್ದೆವು. ಥರ್ಮಾಮೀಟರ್ ಇಟ್ಟು ನೋಡಿದರೆ 12 ಡಿಗ್ರಿ.

ಒಂದು ಗ್ಲಾಸಿಗೆ ಸ್ವಲ್ಪ ಹಾಕಿ ಮೂಸಿದೆ. ಎಲ್ಲೋ ದೂರದಲ್ಲಿ ಮರದ ವಾಸನೆ, ಅಷ್ಟೇ. ಇದು ಒಳ್ಳೆಯ ವಿಸ್ಕಿ ಅಂತ ನನಗೆ ಗೊತ್ತಿತ್ತು. ಜೇನು, ಒಣದ್ರಾಕ್ಷಿ, ಹಳೇ ಚರ್ಮದಂಥ ಘಮ ಎಲ್ಲವೂ ಅದರಲ್ಲಿದ್ದವು. ತಣ್ಣಗಿದೆ, ಅದಕ್ಕೇ ಮುಚ್ಚಿಕೊಂಡಿದೆ ಅಂದುಕೊಂಡೆ. ಅಲ್ಲಿಯವರೆಗೆ ನಾನು ಯೋಚಿಸಿದ್ದು ಸರಿಯಾಗಿಯೇ ಇತ್ತು.

ಆದರೆ ಅದಕ್ಕೆ ಮಾಡಿದ ಉಪಾಯ ತಪ್ಪಾಯಿತು. ಎಂಟೂ ಗ್ಲಾಸುಗಳನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೊಂದಕ್ಕೂ 20 ಮಿಲಿಲೀಟರ್ ಹಾಕಿದೆ. ಘಮ ಹೊರಗೆ ಹೋಗಬಾರದು ಅಂತ ಮೇಲೆ ಮುಚ್ಚಳವನ್ನೂ ಇಟ್ಟೆ. ಐದು ನಿಮಿಷ ಬಿಟ್ಟು ಎಲ್ಲರೂ ಮುಚ್ಚಳ ತೆಗೆದು, ಮೂಗನ್ನು ಗ್ಲಾಸಿನ ಒಳಗಿಟ್ಟು, ಜೋರಾಗಿ ಉಸಿರೆಳೆದರು. ಮೊದಲ ಕುರ್ಚಿಯಲ್ಲಿದ್ದವರು ತಲೆಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಪಕ್ಕದವರು ಕೆಮ್ಮಿದರು. ಆಮೇಲೆ ಏನು ಗೊತ್ತಾಗುತ್ತಿದೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಬರೀ ಸ್ಪಿರಿಟ್ ಘಾಟು." ಮುಂದಿನ ಎರಡು ಗ್ಲಾಸುಗಳಲ್ಲೂ ಅದೇ ಉತ್ತರ ಬಂತು. ಅವು ಶೇಕಡಾ 43ರ ಮೆದು ವಿಸ್ಕಿಗಳು. ಅಷ್ಟರಲ್ಲಿ ಅವರ ಮೂಗು ಮಂಕಾಗಿತ್ತು.

ಎಲ್ಲರೂ ಹೋದ ಮೇಲೆ, ಬೇರೆ ಬೇರೆ ಪೀಪಾಯಿಗಳ ವಿಸ್ಕಿಯನ್ನು ಮೂಸಿ ಹದವಾಗಿ ಬೆರೆಸುವ ನಮ್ಮ ಹಿರಿಯ ಬ್ಲೆಂಡರ್ ನನ್ನನ್ನು ಕೂರಿಸಿಕೊಂಡರು. ಬೈಯಲಿಲ್ಲ. "ಗ್ಲಾಸ್ ಬಿಸಿ ಮಾಡಿದಾಗ ಮೊದಲು ಮೇಲೇಳೋದು ಯಾವುದು ಹೇಳಿ ನೋಡೋಣ?" ಎಂದು ಕೇಳಿದರು. ಘಮ ಅಂದೆ ನಾನು. "ಅಲ್ಲ, ಆಲ್ಕೋಹಾಲ್" ಅಂದರು.

ಇದರಲ್ಲೇ ಇಡೀ ಪಾಠ ಇದೆ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ, ನೀರಿಗಿಂತ ಎಷ್ಟೋ ಬೇಗ ಹಾರುತ್ತದೆ. ಮರ, ಹೊಗೆ, ವೆನಿಲಾದಂಥ ಭಾರದ ಘಮಗಳು ನಿಧಾನವಾಗಿ ಏಳುತ್ತವೆ. ಗ್ಲಾಸನ್ನು ಒಮ್ಮೆಲೇ ಬಿಸಿ ಮಾಡಿದರೆ ಎರಡೂ ಏಳುತ್ತವೆ, ನಿಜ. ಆದರೆ ಗ್ಲಾಸಿನ ಖಾಲಿ ಜಾಗವನ್ನು ಮೊದಲು ತುಂಬಿಕೊಳ್ಳುವುದು ಆಲ್ಕೋಹಾಲ್ ಆವಿ. ಅದು ಗಾಳಿಗಿಂತ ಭಾರ, ಹಾಗಾಗಿ ಗ್ಲಾಸಿನ ಹೊಟ್ಟೆಯಲ್ಲೇ ನಿಂತಿರುತ್ತದೆ. ಮೇಲೆ ಮುಚ್ಚಳ ಬೇರೆ ಇದ್ದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ. ನನ್ನ ಅತಿಥಿಗಳು ಉಸಿರೆಳೆದದ್ದು ಆ ಆವಿಯನ್ನು.

ಅಲ್ಲಿ ಆಗುವ ಉರಿ ವಾಸನೆಯೇ ಅಲ್ಲ, ನೋವು. ಖಾರ ತಿಂದಾಗ ಬಾಯಿ ಉರಿಯುತ್ತದೆ ಅಲ್ವಾ? ಆ ಉರಿಯನ್ನು ಮೆದುಳಿಗೆ ಹೇಳುವ ನರದ ತುದಿಗಳೇ ಇಲ್ಲೂ ಎಚ್ಚರಗೊಳ್ಳುತ್ತವೆ. ಸಾಮಾನ್ಯವಾಗಿ ಅವು ಸುಮಾರು 42 ಡಿಗ್ರಿ ಬಿಸಿಗೆ 'ಸುಡುತ್ತಿದೆ' ಎಂದು ಕೂಗುತ್ತವೆ. ಆಲ್ಕೋಹಾಲ್ ತಗುಲಿದಾಗ ಆ ಮಿತಿ ಸುಮಾರು 34 ಡಿಗ್ರಿಗೆ ಇಳಿಯುತ್ತದೆ. ನಮ್ಮ ಬಾಯಿ ಇರುವುದೇ ಅದಕ್ಕಿಂತ ಬೆಚ್ಚಗೆ. ಅಂದರೆ ನಮ್ಮ ಮೈಯ ಬಿಸಿಯೇ ನಮಗೆ ಬೆಂಕಿಯಂತೆ ಅನಿಸುತ್ತದೆ. ಆ ನೋವು ಒಮ್ಮೆ ಶುರುವಾದರೆ ಸಣ್ಣ ಘಮಗಳು ಅದರಡಿ ಮುಚ್ಚಿಹೋಗುತ್ತವೆ. ನೀಟ್ ಕುಡಿಯುವುದನ್ನು ಕೆಲವರು ಸಹಿಸುವ ಶಕ್ತಿಯ ಪರೀಕ್ಷೆ ಅಂದುಕೊಳ್ಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಉರಿ ಬಂದರೆ ರುಚಿ ಹೋಯಿತು ಎಂದೇ ಅರ್ಥ.

ಮಾರನೇ ದಿನ ಅದೇ ವಿಸ್ಕಿಯನ್ನು ಹಿರಿಯರ ಎದುರು ಮತ್ತೆ ಮಾಡಿದೆ. ಬಾಟಲಿಯನ್ನು ಮೂರು ಗಂಟೆ ಮೊದಲೇ ಕೋಣೆಗೆ ತಂದಿಟ್ಟಿದ್ದೆವು, 20 ಡಿಗ್ರಿಗೆ ಬಂದಿತ್ತು. ಗ್ಲಾಸ್ ಒಣಗಿತ್ತು, ಬಿಸಿ ಮಾಡಿರಲಿಲ್ಲ. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದಾದ ಟ್ಯುಲಿಪ್ ಗ್ಲಾಸ್. ಅದಕ್ಕೆ 20 ಮಿಲಿಲೀಟರ್ ಹಾಕಿ, ಮುಚ್ಚಳವಿಲ್ಲದೆ ಹಾಗೇ ಮೇಜಿನ ಮೇಲೆ ಬಿಟ್ಟೆವು. ಹತ್ತು ನಿಮಿಷ ಸುಮ್ನೆ ಕೂತಿದ್ದೆವು. ಮೇಲ್ಭಾಗದ ಚುರುಕು ಆಲ್ಕೋಹಾಲ್ ಅಷ್ಟರಲ್ಲಿ ಒಂದಿಷ್ಟು ಹಾರಿಹೋಗುತ್ತದೆ. ಪೀಪಾಯಿಯಲ್ಲಿ ಎಷ್ಟು ವರ್ಷವೋ ಅಷ್ಟು ನಿಮಿಷ ಕಾಯಬೇಕು ಎಂಬ ಲೆಕ್ಕವೂ ಕೆಲವರಲ್ಲಿದೆ. ನಾನು ಅದನ್ನು ಹಿಡಿದು ಕೂರುವುದಿಲ್ಲ. ವಯಸ್ಸು ಕಮ್ಮಿ, ಆಲ್ಕೋಹಾಲ್ ಜಾಸ್ತಿ ಇರುವ ವಿಸ್ಕಿಗೇ ಹೆಚ್ಚು ಹೊತ್ತು ಬೇಕಾಗುತ್ತದೆ.

ಗ್ಲಾಸನ್ನು ಗಿರಗಿರ ತಿರುಗಿಸಲು ಹಿರಿಯರು ಬಿಡಲಿಲ್ಲ. ವೈನ್ ಕುಡಿಯುವವರಿಗೆ ಆ ಅಭ್ಯಾಸ ಇರುತ್ತದೆ. ವೈನಿನಲ್ಲಿ ಆಲ್ಕೋಹಾಲ್ ಶೇಕಡಾ 12-14 ಇರುವುದರಿಂದ ತೊಂದರೆ ಇಲ್ಲ. 58ರ ವಿಸ್ಕಿಯನ್ನು ತಿರುಗಿಸಿದರೆ ಅದು ಗ್ಲಾಸಿನ ಗೋಡೆಗೆಲ್ಲ ತೆಳ್ಳಗೆ ಹರಡಿ ಇನ್ನಷ್ಟು ಆವಿ ಏಳುತ್ತದೆ. ಒಂದು ಸಲ ಮೆಲ್ಲಗೆ ವಾಲಿಸಿದರೆ ಸಾಕು.

ಮೂಗು ಇಡುವ ಕ್ರಮ ಹೀಗಿತ್ತು. ಗ್ಲಾಸನ್ನು ಮೊದಲು ಎದೆಯ ಹತ್ತಿರ ಹಿಡಿದು ಮೆಲ್ಲಗೆ ಮೇಲೆ ತರಬೇಕು. ಘಮ ಗಲ್ಲದ ಹತ್ತಿರವೇ ಸಿಗಲು ಶುರುವಾಗುತ್ತದೆ. ಸಿಕ್ಕ ಕಡೆ ನಿಲ್ಲಬೇಕು, ಅದೇ ಆ ಗ್ಲಾಸಿನ ದೂರ. ತುಟಿ ಒಂಚೂರು ತೆರೆದು, ಮೂಗು ಬಾಯಿ ಎರಡರಲ್ಲೂ ಸಣ್ಣಗೆ ಉಸಿರೆಳೆಯಬೇಕು. ಬಾಯಿ ತೆರೆದಿದ್ದರೆ ಮೂಗಿನೊಳಗೆ ನುಗ್ಗುವ ಗಾಳಿ ಕಮ್ಮಿಯಾಗುತ್ತದೆ, ಘಾಟೂ ಕಮ್ಮಿಯಾಗುತ್ತದೆ. ಎರಡು ಸೆಕೆಂಡು ಅಷ್ಟೇ. ಆಮೇಲೆ ಗ್ಲಾಸ್ ಕೆಳಗಿಟ್ಟು ಎರಡು ಉಸಿರು ಬರೀ ಗಾಳಿ. ಒಂದು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗದೆ ಹೋಗಬಹುದು, ಹಾಗಾಗಿ ತಲೆಯನ್ನು ಸ್ವಲ್ಪ ಅತ್ತ ಇತ್ತ ಹೊರಳಿಸಬೇಕು. ಈ ಸಲ ನನಗೆ ಮೊದಲು ಸಿಕ್ಕಿದ್ದು ಹಸಿ ಸೇಬಿನಂಥ ಘಮ. ಹಿಂದಿನ ಸಂಜೆ ಎಂಟು ಜನರಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ.

ಬೆಚ್ಚಗೆ ಮಾಡುವ ಕೆಲಸ ಇದಾದ ಮೇಲೆ ಬಂತು. ನಾನು ಮೊದಲಿಗೇ ಮಾಡಿದ್ದನ್ನು ಅವರು ಎರಡನೆಯದಾಗಿ ಮಾಡಿದರು. ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು, ಬಾಯಿ ತೆರೆದೇ ಇಟ್ಟು, ಮೂರು ನಿಮಿಷ. ಕೈಯ ಬಿಸಿ ನಿಧಾನಕ್ಕೆ ಒಳಗೆ ಹೋಗುತ್ತದೆ, ಏರಿದ ಆಲ್ಕೋಹಾಲ್ ತೆರೆದ ಬಾಯಿಂದ ಹೊರಗೆ ಹೋಗುತ್ತಿರುತ್ತದೆ. ಎಷ್ಟು ಸಾಕು ಎಂದು ತಿಳಿಯಲು ಬೆರಳೇ ಸಾಕು. ಗ್ಲಾಸಿನ ತಳ ಮುಟ್ಟಿದರೆ ತಣ್ಣಗೂ ಅನಿಸಬಾರದು, ಬಿಸಿಯೂ ಅನಿಸಬಾರದು. ನಾನು ಅಳತೆ ಮಾಡಿದಾಗ ಅದು 24 ಡಿಗ್ರಿ ಆಸುಪಾಸು ಇತ್ತು. ಆಗ ಮೂಸಿದರೆ ಸೇಬು ಹಿಂದೆ ಸರಿದು ಒಣದ್ರಾಕ್ಷಿ, ಚರ್ಮ, ಮರ ಮುಂದೆ ಬಂದಿದ್ದವು. ಇನ್ನೂ ಐದು ನಿಮಿಷ ಹಾಗೇ ಹಿಡಿದಿದ್ದಾಗ ಮತ್ತೆ ಘಾಟು ಹೊಡೆಯಿತು. ಆಗ ಗ್ಲಾಸನ್ನು ಮೇಜಿನ ಮೇಲಿಟ್ಟು ಆರಲು ಬಿಡಬೇಕು, ಬೇರೆ ದಾರಿ ಇಲ್ಲ.

ಬ್ರಾಂಡಿ ಗ್ಲಾಸನ್ನು ದೀಪದ ಮೇಲೆ ಹಿಡಿದು ಬಿಸಿ ಮಾಡುವುದನ್ನು ನೀವು ನೋಡಿರಬಹುದು. ದಯವಿಟ್ಟು ಮಾಡಬೇಡಿ. ಘಮ ಕೆಡುವುದು ಒಂದು ಕಡೆ. ಶೇಕಡಾ 40ರ ಮದ್ಯ ಸುಮಾರು 26 ಡಿಗ್ರಿಗೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆಲ್ಕೋಹಾಲ್ ಹೆಚ್ಚಿದ್ದರೆ ಇನ್ನೂ ಕಡಿಮೆ ಬಿಸಿ ಸಾಕು.

ಗುಟುಕಿನ ವಿಷಯದಲ್ಲಿ ನಾನು ಕಲಿತದ್ದು ಉಸಿರಿನ ಲೆಕ್ಕ. ಬಾಯಲ್ಲಿ ಮದ್ಯ ಇದ್ದಾಗ ಉಸಿರು ಒಳಗೆ ಎಳೆದರೆ ಆವಿ ನೇರ ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ. ಹೊಸಬರಲ್ಲಿ ಹೆಚ್ಚಿನವರು ಕೆಮ್ಮುವುದು ಇದಕ್ಕೇ, ಮದ್ಯ ಗಡುಸು ಅಂತಲ್ಲ. ಹಾಗಾಗಿ ಮೊದಲು ಉಸಿರು ಎಳೆದುಕೊಂಡು ತಡೆಯಬೇಕು. ಆಮೇಲೆ ಅರ್ಧ ಚಮಚಕ್ಕಿಂತಲೂ ಕಮ್ಮಿ, ನಾಲಿಗೆ ಒದ್ದೆಯಾಗುವಷ್ಟು ಮಾತ್ರ ತೆಗೆದುಕೊಳ್ಳಬೇಕು. ಅದನ್ನು ನಾಲಿಗೆಯ ಮಧ್ಯೆ ಇಟ್ಟು, ಅಗಿಯುವಂತೆ ಮೆಲ್ಲಗೆ ಆಡಿಸುತ್ತಾ ಎಂಟು ಹತ್ತು ಸೆಕೆಂಡು ಇರಬೇಕು. ಎಂಜಲು ಸೇರಿ ಅದು ತೆಳುವಾಗುತ್ತದೆ. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ನಿಧಾನಕ್ಕೆ ಉಸಿರು ಬಿಡಬೇಕು. ರುಚಿ ಎನ್ನುವುದು ಹೆಚ್ಚಾಗಿ ಸಿಗುವುದೇ ಆ ಹೊರಬರುವ ಉಸಿರಿನಲ್ಲಿ, ಬಾಯಿಯ ಹಿಂದಿನಿಂದ ಮೂಗಿಗೆ ಹತ್ತುವ ಘಮವಾಗಿ.

ಮೊದಲ ಗುಟುಕಿನ ಮೇಲೆ ತೀರ್ಪು ಕೊಡುವುದಿಲ್ಲ. ಅದು ಬಾಯಿಯನ್ನು ಒಗ್ಗಿಸಲು. ಒಂದು ನಿಮಿಷ ಬಿಟ್ಟು ತೆಗೆದುಕೊಂಡ ಎರಡನೆಯದು ಉರಿ ಕಮ್ಮಿ ಕೊಡುತ್ತದೆ, ಅದನ್ನು ನಂಬಬಹುದು.

ಇಷ್ಟೆಲ್ಲ ಮಾಡಿದರೂ 58ರ ಆ ವಿಸ್ಕಿ ನನಗೆ ಸ್ವಲ್ಪ ಉರಿಯುತ್ತಲೇ ಇತ್ತು. ಅದನ್ನು ಹೇಳಲು ನಾನು ಹಿಂಜರಿದೆ. ಹಿರಿಯರು ನಕ್ಕು, ಒಂದು ಚಮಚ ನೀರು ಹಾಕಿಸಿದರು. 20 ಮಿಲಿಲೀಟರಿಗೆ 5 ಮಿಲಿಲೀಟರ್ ನೀರು ಸೇರಿದರೆ ಆಲ್ಕೋಹಾಲ್ ಸುಮಾರು 46ಕ್ಕೆ ಇಳಿಯುತ್ತದೆ. ಆಗ ಅದು ನೀಟ್ ಅಲ್ಲ, ಸರಿ. ಆದರೆ ಬ್ಲೆಂಡರುಗಳು ದಿನವಿಡೀ ಮೂಸುವಾಗ 20ರ ಹತ್ತಿರಕ್ಕೆ ಇಳಿಸಿಕೊಂಡೇ ಕೆಲಸ ಮಾಡುವುದು ಈ ಕ್ಷೇತ್ರದ ರೂಢಿ. ಈಗ ನನ್ನ ಕ್ರಮ ಇದು: 50ಕ್ಕಿಂತ ಮೇಲಿದ್ದರೆ ಎರಡು ಗುಟುಕು ನೀಟ್, ಆಮೇಲೂ ಉರಿಯೇ ಮುಂದಿದ್ದರೆ ಹನಿ ಹನಿಯಾಗಿ ನೀರು. 40ರಿಂದ 46ರವರೆಗಿನದ್ದು ಎರಡನೇ ಗುಟುಕಿನಲ್ಲೂ ಚುಚ್ಚಿದರೆ, ಬಹಳ ಸಲ ಗ್ಲಾಸ್ ಹೆಚ್ಚು ಬಿಸಿಯಾಗಿರುತ್ತದೆ ಅಥವಾ ಮದ್ಯವೇ ಎಳೆಯದು.

ಮೂಗು ಮಂಕಾಗಿದೆಯೇ ಎಂದು ತಿಳಿಯಲು ನಾನು ಅತಿಥಿಗಳ ಮುಂದೆ ಒಂದು ಲೋಟ ಬರೀ ನೀರನ್ನೂ ಇಡುತ್ತೇನೆ. ಅದನ್ನು ಮೂಸಿ, ಆಮೇಲೆ ತಮ್ಮ ಅಂಗಿಯ ತೋಳನ್ನು ಮೂಸಲು ಹೇಳುತ್ತೇನೆ. ಬಟ್ಟೆಯ ವಾಸನೆ ಗೊತ್ತಾಗದಿದ್ದರೆ ಕೆಲವು ನಿಮಿಷ ವಿರಾಮ. ಬಾಗಿಲು ತೆರೆದು ಸ್ವಲ್ಪ ಗಾಳಿ ಬಿಡುತ್ತೇವೆ.

ಕೊನೆಗೆ ಖಾಲಿ ಗ್ಲಾಸುಗಳನ್ನು ನಾನು ತಕ್ಷಣ ತೊಳೆಯುವುದಿಲ್ಲ. ಒಂದೆರಡನ್ನು ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಆಲ್ಕೋಹಾಲ್ ಪೂರ್ತಿ ಹೋಗಿ ತಳದಲ್ಲಿ ಒಣಗಿದ ಒಂದು ತೆಳು ಪದರ ಇರುತ್ತದೆ. ಅದಕ್ಕೆ ಮೂಗನ್ನು ಒಳಗೇ ಇಡಬಹುದು, ಯಾವ ಘಾಟೂ ಇಲ್ಲ. ಆ ಎಂಟು ಗ್ಲಾಸುಗಳನ್ನೂ ಮರುದಿನ ಬೆಳಿಗ್ಗೆ ಒಂದೊಂದಾಗಿ ಮೂಸಿದ್ದೆ. ಒಣದ್ರಾಕ್ಷಿ, ಚರ್ಮ, ಹಳೇ ಮರ ಎಲ್ಲವೂ ಅಲ್ಲಿದ್ದವು.