ಎಂಎಸ್ಸಿ ನರ್ಸಿಂಗ್‌ಗೆ ಹೋಗುವವರು ರಾಜೀನಾಮೆ ಪತ್ರದಲ್ಲಿ ಮೊದಲು ನೋಡಬೇಕಾದದ್ದು ತಾರೀಖು

ನಾನು ಒಂದು ಖಾಸಗಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಆಫೀಸಿನಲ್ಲಿ ಇದ್ದೇನೆ. ಸ್ಟಾಫ್ ನರ್ಸ್‌ಗಳ ರಾಜೀನಾಮೆ ಪತ್ರಗಳು ಮೊದಲು ನಮ್ಮ ಮೇಜಿಗೇ ಬರುತ್ತವೆ. ಮದುವೆ, ವಿದೇಶದ ಕೆಲಸ, ಬೇರೆ ಆಸ್ಪತ್ರೆ ಅಂತ ಬಿಡುವವರಿಗೆ ಪತ್ರದಲ್ಲಿ ಒಂದೆರಡು ದಿನ ಹಿಂದೆ ಮುಂದೆ ಆದರೂ ಅಷ್ಟು ತೊಂದರೆ ಇಲ್ಲ. ಓದಲು ಹೋಗುವವರ ವಿಷಯ ಹಾಗಲ್ಲ. ಅವರ ಪತ್ರದಲ್ಲಿರುವ ಕೊನೆಯ ಡ್ಯೂಟಿ ದಿನವೇ ಮುಂದೆ ಅನುಭವ ಪ್ರಮಾಣಪತ್ರಕ್ಕೆ ಇಳಿಯುತ್ತದೆ. ಆ ಪ್ರಮಾಣಪತ್ರವನ್ನು ಕಾಲೇಜಿನವರು ಕೂಲಂಕಷವಾಗಿ ನೋಡುತ್ತಾರೆ.

ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಎಂಎಸ್ಸಿ ನರ್ಸಿಂಗ್ ಸೇರಲು ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು, ಬಿಎಸ್ಸಿಯಲ್ಲಿ ಕನಿಷ್ಠ 55% ಅಂಕ ಇರಬೇಕು, ಬಿಎಸ್ಸಿ ಮುಗಿದ ಮೇಲೆ ಕನಿಷ್ಠ 1 ವರ್ಷದ ಕೆಲಸದ ಅನುಭವ ಇರಬೇಕು. ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವರಿಗೆ ಆ ಅನುಭವ ಕೋರ್ಸಿಗೆ ಮುಂಚಿನದಾದರೂ ಆಗುತ್ತದೆ. ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ, ಅಲ್ವಾ? ಕಷ್ಟ ಶುರುವಾಗುವುದು ಆ 1 ವರ್ಷವನ್ನು ಯಾವತ್ತಿನಿಂದ ಎಣಿಸಬೇಕು ಅನ್ನುವಲ್ಲಿ.

ನಮ್ಮ ಐಸಿಯುನ ಒಬ್ಬ ಸಿಸ್ಟರ್ ಕಥೆ ಹೇಳುತ್ತೇನೆ. ಆಕೆ ಸೇರಿದ್ದು 2024ರ ಆಗಸ್ಟ್ 1ಕ್ಕೆ. ಬಿಎಸ್ಸಿ ಆಗತಾನೇ ಮುಗಿದಿತ್ತು, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇನ್ನೂ ಕೈಗೆ ಬಂದಿರಲಿಲ್ಲ. ಹಾಗಾಗಿ ಟ್ರೈನಿ ಅಂತ ತೆಗೆದುಕೊಂಡಿದ್ದರು. ನೋಂದಣಿ ಆಗಿದ್ದು ಸೆಪ್ಟೆಂಬರ್ 12ಕ್ಕೆ. ಅಲ್ಲಿಂದ ಸ್ಟಾಫ್ ನರ್ಸ್ ಆದರು. ಮರುವರ್ಷ ಜುಲೈ ಕೊನೆಯಲ್ಲಿ ಪತ್ರದ ಕರಡು ಹಿಡಿದು ಬಂದರು. ಆಗಸ್ಟ್ 1ಕ್ಕೆ ಪತ್ರ, ಆಗಸ್ಟ್ 31ಕ್ಕೆ ಕೊನೆಯ ದಿನ. "ವರ್ಷ ತುಂಬಿ ತಿಂಗಳು ಜಾಸ್ತಿನೇ ಆಗುತ್ತಲ್ವಾ ಮೇಡಂ" ಅಂದರು.

ಆಸ್ಪತ್ರೆಯ ಲೆಕ್ಕದಲ್ಲಿ ಆಗುತ್ತದೆ. ಆದರೆ ಪ್ರಮಾಣಪತ್ರದಲ್ಲಿ ನಾವು ಸುಳ್ಳು ಬರೆಯುವ ಹಾಗಿಲ್ಲ. ಆಗಸ್ಟ್ 1ರಿಂದ ಸೆಪ್ಟೆಂಬರ್ 11ರವರೆಗೆ ಟ್ರೈನಿ, ಆಮೇಲೆ ಸ್ಟಾಫ್ ನರ್ಸ್ ಅಂತಲೇ ಬರುತ್ತದೆ. ಅದನ್ನು ನೋಂದಣಿ ಪತ್ರದ ಪಕ್ಕ ಇಟ್ಟು ನೋಡುವ ಕಾಲೇಜಿನವರು ನೋಂದಣಿ ಆದ ಮೇಲಿನ ಕೆಲಸವನ್ನಷ್ಟೇ ಎಣಿಸಿದರೆ 1 ವರ್ಷ ತುಂಬುವುದು 2025ರ ಸೆಪ್ಟೆಂಬರ್ 11ಕ್ಕೆ. ಆಗಸ್ಟ್ 31ಕ್ಕೆ ಬಿಟ್ಟಿದ್ದರೆ 11 ದಿನ ಕಡಿಮೆ. ಆ 11 ದಿನಕ್ಕೆ ಒಂದು ವರ್ಷವೇ ಕೈತಪ್ಪಬಹುದಿತ್ತು.

"ಸ್ವಲ್ಪ ತಡೆಯಮ್ಮ, ಹದಿನೈದು ದಿನ ಮುಂದೆ ಹಾಕು" ಅಂದೆ. ಕಾಲೇಜಿಗೆ ಫೋನ್ ಮಾಡಿ ಪ್ರವೇಶದ ಕೊನೆಯ ದಿನ ಕೇಳಿಕೊಂಡರು. ಅಷ್ಟು ಸಮಯ ಇತ್ತು. ಪತ್ರವನ್ನು ಆಗಸ್ಟ್ 14ಕ್ಕೆ ಕೊಟ್ಟರು. ನಮ್ಮಲ್ಲಿ ನೋಟಿಸ್ ಅವಧಿ 30 ದಿನ. ಪತ್ರ ಬರೆದ ದಿನದಿಂದಲ್ಲ, ಆಫೀಸಿಗೆ ಬಂದು ಸೀಲ್ ಬಿದ್ದ ದಿನದಿಂದ ಎಣಿಕೆ. ಅದು ಸೆಪ್ಟೆಂಬರ್ 13ಕ್ಕೆ ಮುಗಿಯುತ್ತಿತ್ತು. ಕೊನೆಯ ದಿನ ಸೆಪ್ಟೆಂಬರ್ 15 ಅಂತ ಬರೆದರು. ನೋಟಿಸೂ ಆಯಿತು, ವರ್ಷವೂ ತುಂಬಿತು.

ಪತ್ರ ಇಷ್ಟೇ ಇತ್ತು:

ಇವರಿಗೆ,
ನರ್ಸಿಂಗ್ ಸೂಪರಿಂಟೆಂಡೆಂಟ್

ವಿಷಯ: ಉನ್ನತ ವ್ಯಾಸಂಗಕ್ಕಾಗಿ ರಾಜೀನಾಮೆ

ಮಾನ್ಯರೇ,
ನಾನು 01-08-2024ರಂದು ಟ್ರೈನಿಯಾಗಿ ಸೇರಿ, 12-09-2024ರಿಂದ ಮೆಡಿಕಲ್ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಎಂಎಸ್ಸಿ ನರ್ಸಿಂಗ್ ಓದಲು ಬಯಸಿರುವುದರಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. 30 ದಿನಗಳ ನೋಟಿಸ್ ಪೂರೈಸಿ, 15-09-2025 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ. ಅಷ್ಟರೊಳಗೆ ನನ್ನ ಜವಾಬ್ದಾರಿಗಳನ್ನು ವಾರ್ಡ್ ಇನ್‌ಚಾರ್ಜ್ ಹೇಳಿದವರಿಗೆ ವಹಿಸಿಕೊಡುತ್ತೇನೆ. ರಿಲೀವಿಂಗ್ ಲೆಟರ್ ಮತ್ತು ಅನುಭವ ಪ್ರಮಾಣಪತ್ರ ಕೊಡಬೇಕೆಂದು ಕೋರುತ್ತೇನೆ.

ಕೆಳಗೆ ಸಹಿ, ಎಂಪ್ಲಾಯಿ ನಂಬರ್, ಕೌನ್ಸಿಲ್ ನೋಂದಣಿ ಸಂಖ್ಯೆ. ಆಸ್ಪತ್ರೆಗಳಲ್ಲಿ ಇದನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಯಾವ ಭಾಷೆಯಲ್ಲಿ ಬರೆದರೂ ಇರಬೇಕಾದದ್ದು ಇಷ್ಟೇ. ಸಂಬಳ ಸಾಲದು, ನೈಟ್ ಡ್ಯೂಟಿ ಜಾಸ್ತಿ, ಇನ್‌ಚಾರ್ಜ್ ಜೊತೆ ಮನಸ್ತಾಪ ಅಂತೆಲ್ಲ ಕೆಲವರು ಸೇರಿಸುತ್ತಾರೆ. ಆ ಮಾತುಗಳು ನಿಜವೇ ಇರಬಹುದು, ಎದುರು ಕೂತು ಹೇಳಿ. ಪತ್ರ ಫೈಲಿನಲ್ಲಿ ಉಳಿಯುತ್ತದೆ. "ಆದಷ್ಟು ಬೇಗ ಬಿಡುಗಡೆ ಮಾಡಿ" ಅಂತಲೂ ಬರೆಯಬೇಡಿ. ಅದರಲ್ಲಿ ತಾರೀಖೇ ಇಲ್ಲ. ನಾಳೆ ಯಾರಿಗೆ ಯಾವ ದಿನ ಅನುಕೂಲವೋ ಆ ದಿನ ಹಾಕಿಬಿಡುತ್ತಾರೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕರಿಸಿದ ಸೀಲ್ ಮತ್ತು ತಾರೀಖು ಹಾಕಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಕೊನೆಯ ವಾರದ ಶಿಫ್ಟ್ ಬಗ್ಗೆ ಹೇಳಲೇಬೇಕು. ಸೆಪ್ಟೆಂಬರ್ 15ರ ರಾತ್ರಿ 8ಕ್ಕೆ ನೈಟ್ ಡ್ಯೂಟಿ ಹಾಕಿದರೆ ಅದು ಮುಗಿಯುವುದು 16ರ ಬೆಳಿಗ್ಗೆ. ಪಂಚಿಂಗ್‌ನಲ್ಲಿ ಒಂದು ತಾರೀಖು, ಪತ್ರದಲ್ಲಿ ಇನ್ನೊಂದು. ಅಕೌಂಟ್ಸ್‌ನವರು ಅಲ್ಲೇ ತಡೆಯುತ್ತಾರೆ. ಅದೂ ಅಲ್ಲದೆ ನೋ ಡ್ಯೂಸ್ ಫಾರಂಗೆ ಸಹಿ ಹಾಕುವ ಅಕೌಂಟ್ಸ್, ಲೈಬ್ರರಿ, ಹಾಸ್ಟೆಲ್ ಎಲ್ಲವೂ ಹಗಲು ಹೊತ್ತಿನ ಆಫೀಸುಗಳು. ಅದಕ್ಕೇ ಪತ್ರ ಕೊಡುವಾಗಲೇ ಕೊನೆಯ ವಾರ ಮಾರ್ನಿಂಗ್ ಶಿಫ್ಟ್ ಕೇಳಿಕೊಳ್ಳಿ. ಮುಂದಿನ ರೋಸ್ಟರ್ ಹಾಕುವ ಮೊದಲೇ ಹೇಳಿದರೆ ಇನ್‌ಚಾರ್ಜ್ ಸಿಸ್ಟರ್‌ಗೂ ಕಷ್ಟ ಆಗಲ್ಲ. ನೋಟಿಸ್ ಸಮಯದಲ್ಲಿ ರಜೆ ಹಾಕಿದರೆ ಕೆಲವು ಕಡೆ ಅಷ್ಟು ದಿನ ನೋಟಿಸ್ ಮುಂದಕ್ಕೆ ಹೋಗುತ್ತದೆ. ನಿಮ್ಮ ನೇಮಕಾತಿ ಪತ್ರದಲ್ಲಿ ಏನಿದೆ ಅಂತ ಮೊದಲೇ ಓದಿಕೊಳ್ಳಿ.

ಐಸಿಯುನವರು ಇನ್ನೊಂದು ನೋಡಿಕೊಳ್ಳಬೇಕು. ಮಾರ್ಫಿನ್, ಫೆಂಟನಿಲ್ ಇಡುವ ಬೀರುವಿನ ರಿಜಿಸ್ಟರ್‌ನಲ್ಲಿ ನಿಮ್ಮ ಶಿಫ್ಟಿನ ಯಾವ ಸಾಲಿಗಾದರೂ ಸಹಿ ಬಿಟ್ಟು ಹೋಗಿದ್ದರೆ ಈಗಲೇ ಇನ್‌ಚಾರ್ಜ್‌ಗೆ ತಿಳಿಸಿ. ಎಷ್ಟು ಆಂಪೂಲ್ ಬಂತು, ರೋಗಿಗೆ ಎಷ್ಟು ಕೊಟ್ಟಾಯಿತು, ಉಳಿದ ಔಷಧಿ ಚೆಲ್ಲಿದಾಗ ಸಾಕ್ಷಿ ಸಹಿ ಇದೆಯಾ, ಎಲ್ಲ ತಾಳೆ ಆಗಬೇಕು. ನೀವು ಹೋದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾದರೆ ಉತ್ತರ ಹೇಳಲು ನೀವು ಇರಲ್ಲ, ಉಳಿದವರು ಒದ್ದಾಡಬೇಕು. ಕಂಪ್ಯೂಟರ್ ಲಾಗಿನ್ ಕೂಡ ಕೊನೆಯ ದಿನವೇ ಬಂದ್ ಮಾಡಿಸಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಔಷಧಿ ಎಂಟ್ರಿ ಮಾಡಬಾರದು.

ಇದೆಲ್ಲ ಖಾಸಗಿ ಆಸ್ಪತ್ರೆಯ ಮಾತು. ಸರ್ಕಾರಿ ಸೇವೆಯಲ್ಲಿ ಕಾಯಂ ಇರುವವರು ಓದಲಿಕ್ಕೆ ಅಂತ ಸುಮ್ನೆ ರಾಜೀನಾಮೆ ಬರೆಯಬೇಡಿ. ಅಲ್ಲಿ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಲೆಕ್ಕಕ್ಕೇ ಸಿಗದೆ ಹೋಗಬಹುದು. ವ್ಯಾಸಂಗಕ್ಕೆ ರಜೆ ಅಥವಾ ನಿಯೋಜನೆ ಸಿಗುತ್ತದೆಯೇ ಅಂತ ಇಲಾಖೆಯಲ್ಲಿ ಮೊದಲು ಕೇಳಿ.

ಆ ಸಿಸ್ಟರ್ ಸೆಪ್ಟೆಂಬರ್ 15ಕ್ಕೆ ಬಿಟ್ಟರು. ಅನುಭವ ಪ್ರಮಾಣಪತ್ರ ಕೈಗೆ ಕೊಟ್ಟಾಗ ಅಲ್ಲೇ ನಿಂತು ಓದಲು ಹೇಳಿದೆ. ಹೆಸರಿನ ಸ್ಪೆಲಿಂಗ್ ನೋಂದಣಿ ಪತ್ರದಲ್ಲಿ ಇರುವಂತೆಯೇ ಇದೆಯಾ, ಟ್ರೈನಿ ಮತ್ತು ಸ್ಟಾಫ್ ನರ್ಸ್ ಅವಧಿ ಬೇರೆ ಬೇರೆಯಾಗಿ ಇದೆಯಾ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಬರೆದಿದೆಯಾ ಅಂತ. ಇನಿಶಿಯಲ್ ಒಂದು ಹಿಂದೆ ಮುಂದೆ ಆಗಿತ್ತು. ಅವತ್ತೇ ತಿದ್ದಿಸಿ, ಹೊಸ ಪ್ರತಿಗೆ ಸೀಲ್ ಹಾಕಿಸಿ ಕಳಿಸಿದೆವು.